ಊರಿಗೆ ಹೋದವರ ಮೆಸ್ ಬಿಲ್ ಎಷ್ಟು?

ಹಾಸ್ಟೆಲ್ ಮೆಸ್‌ಗಳ ಲೆಕ್ಕ ನೋಡುವುದು ನನ್ನ ಕೆಲಸ. ತಿಂಗಳ ಕೊನೆಗೆ ಬರುವ ಜಗಳ ಒಂದೇ: "ನಾನು ಹದಿನೈದು ದಿನ ಊರಲ್ಲಿದ್ದೆ, ಪೂರ್ತಿ ಯಾಕೆ ಕೊಡಲಿ?" ಸುಮ್ನೆ ಸಮ ಹಂಚಿದರೆ ಅವನಿಗೆ ಅನ್ಯಾಯ. ಆದರೆ ಇಡೀ ಬಿಲ್ಲನ್ನು ದಿನದ ಲೆಕ್ಕಕ್ಕೆ ಹಾಕಿದರೆ ಊರಿಗೆ ಹೋಗದವನಿಗೆ ಅನ್ಯಾಯ, ಇದು ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ಐದು ಹುಡುಗರು ಸೇರಿ ಮೆಸ್ ನಡೆಸುತ್ತಾರೆ ಅಂದುಕೊಳ್ಳಿ. ತಿಂಗಳ ಖರ್ಚು 17,100 ರೂಪಾಯಿ. ಇಬ್ಬರು 30 ದಿನವೂ ಉಂಡಿದ್ದಾರೆ, ಉಳಿದವರು 26, 20, 14 ದಿನ. ಒಟ್ಟು 120 ದಿನ. ಎಲ್ಲವನ್ನೂ ದಿನಕ್ಕೆ ಹಂಚಿದರೆ ದಿನಕ್ಕೆ 142.50 ಬೀಳುತ್ತದೆ, 30 ದಿನ ಉಂಡವನು 4,275 ಕೊಡಬೇಕು. ಗದಗಿಗೋ ಹಾವೇರಿಗೋ ಹೋದ ಗೆಳೆಯನ ಪಾಲಿನ ಅಡುಗೆಯವರ ಸಂಬಳವನ್ನೂ ಇವನೇ ಕೊಟ್ಟಂತಾಯಿತು, ಅಲ್ವಾ?

ಅದಕ್ಕೆ ಮೊದಲು ಖರ್ಚನ್ನು ಎರಡು ಮಾಡಿ. ಅಡುಗೆಯವರ ಸಂಬಳ 6,000, ಗ್ಯಾಸು ಕರೆಂಟು 1,500. ಇದು ಯಾರಿದ್ದರೂ ಇಲ್ಲದಿದ್ದರೂ ಆಗುವ ಖರ್ಚು, ತಲೆಗೆ 1,500. ಗ್ಯಾಸನ್ನು ಇಲ್ಲೇ ಹಾಕುವುದು ನನ್ನ ರೂಢಿ, ಯಾಕೆಂದರೆ ಮೂವರಿಗೆ ಸಾರು ಕುದಿಸಿದರೂ ಐವರಿಗೆ ಕುದಿಸಿದರೂ ಉರಿಯುವ ಗ್ಯಾಸಿನಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಉಳಿದ 9,600 ಕಿರಾಣಿ, ಕಾಯಿಪಲ್ಲೆ, ಹಾಲು, ರೊಟ್ಟಿಯದ್ದು. ಅದನ್ನು 120ರಿಂದ ಭಾಗಿಸಿದರೆ ದಿನಕ್ಕೆ 80. ಈಗ 30 ದಿನದವನಿಗೆ 3,900, 26ಕ್ಕೆ 3,580, 20ಕ್ಕೆ 3,100, 14ಕ್ಕೆ 2,620. ಐವರದ್ದೂ ಕೂಡಿಸಿ, ಸರಿಯಾಗಿ 17,100 ಬರಬೇಕು.

ಲೆಕ್ಕ ಕೆಡುವುದು ಸಾಮಾನಿನಲ್ಲಿ. 28ನೇ ತಾರೀಖು ತಂದ ಅಕ್ಕಿ ಚೀಲವನ್ನು ಈ ತಿಂಗಳಿಗೇ ಬರೆದರೆ, ಅದನ್ನು ಉಣ್ಣುವವರು ಮುಂದಿನ ತಿಂಗಳವರು. ಹಾಗಾಗಿ 1ನೇ ತಾರೀಖು ಡಬ್ಬಿಗಳಲ್ಲಿ ಇದ್ದದ್ದಕ್ಕೆ ತಿಂಗಳ ಖರೀದಿ ಕೂಡಿಸಿ, ಕೊನೆಗೆ ಉಳಿದದ್ದನ್ನು ಕಳೆಯಿರಿ. ಇಲ್ಲಿ 1,400 ಇತ್ತು, 10,600 ತಂದರು, 2,400 ಉಳಿಯಿತು, ಅದಕ್ಕೇ 9,600. ಉಪ್ಪು, ಸಾಸಿವೆ ತೂಗುತ್ತ ಕೂರಬೇಡಿ. ಅಕ್ಕಿ, ಬೇಳೆ, ಎಣ್ಣೆ, ಜೋಳ ನೋಡಿದರೆ ಸಾಕು.

ದೀಪಾವಳಿ ತಿಂಗಳಲ್ಲಿ ದಿನದ ದರ 80ರಿಂದ 95ಕ್ಕೆ ಹಾರಿತು ಅನ್ನಿ. ಸಂತೆಯಲ್ಲಿ ರೇಟು ಏರಿಲ್ಲ, ಉಳಿದ ಸಾಮಾನೂ ಲೆಕ್ಕಕ್ಕೆ ಬಂದಿದೆ ಅಂದರೆ, ಇಬ್ಬರು ಇಲ್ಲದಿದ್ದರೂ ಐವರ ಅಡುಗೆಯೇ ಆಗಿ ಚೆಲ್ಲಿದೆ ಎಂದು ತಿಳಿಯಿರಿ. ಹಿಂದಿನ ರಾತ್ರಿಯೇ ಹೇಳಿ ಹೋದವನ ದಿನ ಮಾತ್ರ ಕಳೆಯಬೇಕು. ಹೇಳದೆ ಬಸ್ ಹತ್ತಿದವನ ಮೊದಲ ದಿನ ಅವನ ಲೆಕ್ಕಕ್ಕೇ. ಗೆಳೆಯನನ್ನು ಊಟಕ್ಕೆ ಕರೆತಂದರೆ ಎರಡು ಊಟಕ್ಕೆ ಒಂದು ದಿನ, ಕರೆತಂದವನ ಹೆಸರಿಗೆ.

ಇಡೀ ತಿಂಗಳು ಬರದವನೂ ತನ್ನ ಜಾಗ ಉಳಿಯಬೇಕೆಂದರೆ 1,500 ಕೊಡಬೇಕು. ಬೇಡವೆಂದರೆ 1ನೇ ತಾರೀಖಿಗೆ ಮೊದಲೇ ಹೇಳಲಿ, ಉಳಿದ ನಾಲ್ವರು ತಲೆಗೆ 1,875ರಂತೆ ಹಾಕಿಕೊಳ್ಳುತ್ತಾರೆ, ಇಲ್ಲವೇ ಬೇರೆಯವರನ್ನು ಸೇರಿಸಿಕೊಳ್ಳುತ್ತಾರೆ.