ಲಗ್ನಪತ್ರಿಕೆಯನ್ನು ಹೊರದೇಶದ ಅತಿಥಿಗಳಿಗಾಗಿ ಇಂಗ್ಲಿಷಿಗೆ ತರುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಚಿಕ್ಕಪ್ಪನ ಮಗಳ ಮದುವೆ ಗೊತ್ತಾಗಿದೆ. ಚಿಕ್ಕಪ್ಪ ತೀರಿಕೊಂಡಿರುವುದರಿಂದ ನಮ್ಮ ತಂದೆಯವರ ಹೆಸರಿನಲ್ಲಿ ಕನ್ನಡ ಲಗ್ನಪತ್ರಿಕೆ ಅಚ್ಚಾಗಿದೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನೆಂಟರ ಮಕ್ಕಳಿಗೂ ವರನ ವಿದೇಶಿ ಸಹೋದ್ಯೋಗಿಗಳಿಗೂ ಅದನ್ನು ಇಂಗ್ಲಿಷಿನಲ್ಲಿ ಕಳಿಸಬೇಕಾಗಿದೆ. ಸಂಬಂಧಸೂಚಕ ಪದಗಳನ್ನೂ ಶಾಸ್ತ್ರದ ಮಾತುಗಳನ್ನೂ ಹೇಗೆ ಅನುವಾದಿಸಬೇಕು?

ಉತ್ತರ: ನಿಮ್ಮ ಪತ್ರಿಕೆಯ ಒಕ್ಕಣೆ ಬಹುಮಟ್ಟಿಗೆ ಈ ರೀತಿ ಇರಬಹುದು: “ಸ್ವಸ್ತಿ ಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ 1947ನೇ ವಿಶ್ವಾವಸು ನಾಮ ಸಂವತ್ಸರದ ವೈಶಾಖ ಶುದ್ಧ ದಶಮಿ, ದಿನಾಂಕ 7-5-2025ನೇ ಬುಧವಾರ ಬೆಳಿಗ್ಗೆ 9.15ರಿಂದ 10.15ರವರೆಗೆ ಸಲ್ಲುವ ಶುಭ ಮಿಥುನ ಲಗ್ನದಲ್ಲಿ, ನನ್ನ ತಮ್ಮ ದಿ॥ ಇಂಥವರ ದ್ವಿತೀಯ ಪುತ್ರಿ ಚಿ॥ ಕುಂ॥ ಸೌ॥ ಇಂಥವಳ ವಿವಾಹವನ್ನು ಚಿ॥ ರಾ॥ ಇಂಥವನೊಂದಿಗೆ ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಪರಿವಾರ ಸಮೇತರಾಗಿ ಚಿತ್ತೈಸಿ ವಧೂವರರನ್ನು ಆಶೀರ್ವದಿಸಬೇಕಾಗಿ ಕೋರುವ...” ಇದಾದ ಮೇಲೆ ಕರೆಯುವವರ ಹೆಸರು ಬರುತ್ತದೆ.

ಇಷ್ಟೂ ಒಂದೇ ವಾಕ್ಯ. ಕರೆಯುವವರು ಯಾರೆಂಬುದು ಅದರ ಕಟ್ಟಕಡೆಗೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಇದೇ ಕ್ರಮವನ್ನು ಉಳಿಸಿಕೊಳ್ಳಲು ಹೊರಟರೆ ಓದುವವರು ಅರ್ಧದಾರಿಯಲ್ಲೇ ಕೈಬಿಡುತ್ತಾರೆ. ಆದ್ದರಿಂದ ಮೊದಲು ಈ ವಾಕ್ಯವನ್ನು ಬಿಡಿಸಿ, ಯಾರು ಕರೆಯುತ್ತಿದ್ದಾರೆ, ಯಾರ ಮದುವೆ, ಯಾವಾಗ, ಎಲ್ಲಿ ಎಂಬಷ್ಟನ್ನು ಚಿಕ್ಕ ಸಾಲುಗಳಲ್ಲಿ ಹೇಳಿ, ಹರಕೆಯ ಮಾತುಗಳನ್ನು ಬೇರೆಯಾಗಿಯೇ ನೋಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಸಂಬಂಧಗಳ ವಿಚಾರದಲ್ಲಿ ತೊಡಕು ಹುಟ್ಟುವುದು ನಾವು ಸೋದರಿಕೆಯನ್ನು ಎಣಿಸುವ ರೀತಿಯಿಂದ. ದೊಡ್ಡಪ್ಪನ ಮಗಳೂ ಚಿಕ್ಕಮ್ಮನ ಮಗಳೂ ನಮಗೆ ಅಕ್ಕತಂಗಿಯರೇ; ಆದರೆ ಸೋದರತ್ತೆಯ ಮಗ ಅಣ್ಣನಾಗುವುದಿಲ್ಲ, ಭಾವನೋ ಮೈದುನನೋ ಆಗುತ್ತಾನೆ. ಇಂಗ್ಲಿಷಿನಲ್ಲಿ ಇವರೆಲ್ಲರೂ ಕಸಿನ್‌ಗಳು. ನೀವು “ನನ್ನ ತಂಗಿಯ ಮದುವೆ” ಎಂಬುದನ್ನು ಸಿಸ್ಟರ್ ಎಂದೇ ಬರೆದರೆ, ವರನ ಸಹೋದ್ಯೋಗಿಯು ನಿಮ್ಮ ತಂದೆಯವರನ್ನೇ ವಧುವಿನ ತಂದೆಯೆಂದು ತಿಳಿದು ಮಂಟಪದಲ್ಲಿ ಅವರಿಗೆ ಹಾಗೆಂದೇ ಶುಭ ಹೇಳುತ್ತಾನೆ. ತೀರಿಹೋದವರ ನೆನಪು ಹಸಿಯಾಗಿರುವ ಮನೆಯಲ್ಲಿ ಅದು ನೋವಿನ ಸಂಗತಿ. ಆದಕಾರಣ ಇಂಗ್ಲಿಷ್ ಪತ್ರಿಕೆಯಲ್ಲಿ ವಧುವನ್ನು ಮೊದಲು ಅವಳ ತಂದೆತಾಯಿಯರ ಮಗಳೆಂದೇ ಗುರುತಿಸಿರಿ: ತಂದೆಯ ಹೆಸರಿನ ಹಿಂದೆ ‘ಲೇಟ್’ ಇರಲಿ, ತಾಯಿಯ ಹೆಸರು ತಪ್ಪದೆ ಜೊತೆಗಿರಲಿ. ಆಮೇಲೆ, ಕರೆಯುತ್ತಿರುವವರು ವಧುವಿನ ತಂದೆಯ ಅಣ್ಣ ಎಂದು ಬಿಡಿಸಿ ಹೇಳಿರಿ. ಬರೀ ಅಂಕಲ್ ಎಂದರೆ ದೊಡ್ಡಪ್ಪನೋ ಸೋದರಮಾವನೋ ತಿಳಿಯುವುದಿಲ್ಲ, ಮತ್ತು ವಧುವನ್ನು ಮಂಟಪಕ್ಕೆ ಕರೆತರುವ ಸೋದರಮಾವನಿಗೆ ನಮ್ಮ ಮದುವೆಗಳಲ್ಲಿ ಬೇರೆಯೇ ಸ್ಥಾನವಿದೆ.

‘ದ್ವಿತೀಯ ಪುತ್ರಿ’ ಎಂದರೆ ಹೆಣ್ಣುಮಕ್ಕಳಲ್ಲಿ ಎರಡನೆಯವಳೇ ಹೊರತು ಎರಡನೆಯ ಮಗುವೆಂದಲ್ಲ. ಅವಳಿಗಿಂತ ಮೊದಲು ಇಬ್ಬರು ಗಂಡುಮಕ್ಕಳೂ ಹುಟ್ಟಿರಬಹುದು. ‘ಜ್ಯೇಷ್ಠ’ ಎಂಬಲ್ಲಿಯೂ ಮಕ್ಕಳು ಎಷ್ಟು ಮಂದಿಯೆಂದು ಕೇಳಿಕೊಳ್ಳಬೇಕು, ಏಕೆಂದರೆ ಇಬ್ಬರಿದ್ದಾಗ ಎಲ್ಡರ್, ಹೆಚ್ಚಿದ್ದಾಗ ಎಲ್ಡೆಸ್ಟ್ ಎಂಬ ಭೇದವನ್ನು ಇಂಗ್ಲಿಷ್ ಪಾಲಿಸುತ್ತದೆ. ಪೌತ್ರಿ ಎಂದಿದ್ದರೆ ಮಗನ ಮಗಳು, ದೌಹಿತ್ರಿ ಎಂದಿದ್ದರೆ ಮಗಳ ಮಗಳು. ಎರಡನ್ನೂ ಮೊಮ್ಮಗಳೆಂದು ಒಂದೇ ಮಾಡದೆ ತಂದೆಯ ಕಡೆಯ ಅಜ್ಜ, ತಾಯಿಯ ಕಡೆಯ ಅಜ್ಜ ಎಂದು ಬರೆದರೆ ಎರಡೂ ಮನೆತನಗಳಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ.

ಹೆಸರಿನ ಹಿಂದಿನ ಚಿ॥ ಕುಂ॥ ಸೌ॥ ಎಂಬುದು ‘ಚಿರಂಜೀವಿ ಕುಂಕುಮ ಸೌಭಾಗ್ಯವತಿ’ ಎಂಬ ಹರಕೆ. ಅದನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಹೆಸರೇ ಮರೆಯಾಗುತ್ತದೆ. ಇಂಗ್ಲಿಷಿನಲ್ಲಿ ಬಿಟ್ಟುಬಿಡುವುದೇ ಲೇಸು. ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ವಿಧವೆಯರ ಹೆಸರಿನ ಹಿಂದೆ ಬರುವ ಗಂ॥ ಸ್ವ॥, ಅಂದರೆ ಗಂಗಾಸ್ವರೂಪ ಎಂಬುದನ್ನಂತೂ ವಿಧವೆಯೆಂದು ಖಂಡಿತ ಅನುವಾದಿಸಬಾರದು. ಶ್ರೀಮತಿಗೆ ಸಲ್ಲುವ ಇಂಗ್ಲಿಷ್ ರೂಪವೇ ಸಾಕು. ‘ಗುರುಹಿರಿಯರು ನಿಶ್ಚಯಿಸಿರುವುದರಿಂದ’ ಎಂಬ ಮಾತು ನಮ್ಮ ಕಿವಿಗೆ ವಿನಯವಾಗಿ ಕೇಳುತ್ತದೆ, ಆದರೆ ನೇರ ಅನುವಾದದಲ್ಲಿ ವಧೂವರರ ಒಪ್ಪಿಗೆಯಿಲ್ಲದೆ ಮದುವೆ ಗೊತ್ತಾದಂತೆ ಧ್ವನಿಸುತ್ತದೆ. ಹಿರಿಯರ ಆಶೀರ್ವಾದದೊಂದಿಗೆ ಎಂಬ ಅರ್ಥದ ಮಾತು ಅಲ್ಲಿಗೆ ಹೊಂದುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ದಿನ ಮತ್ತು ವೇಳೆಯ ಸಾಲಿನಲ್ಲಿ. 7-5-2025 ಎಂಬುದನ್ನು ಅಮೆರಿಕದವರು ಜುಲೈ 5 ಎಂದು ಓದುತ್ತಾರೆ, ಆದ್ದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. ಸಂವತ್ಸರ, ಮಾಸ, ತಿಥಿಗಳನ್ನು ಅವೇ ಹೆಸರುಗಳಲ್ಲಿ ಒಂದು ಸಾಲಾಗಿ ಮೇಲೆ ಇಟ್ಟರೆ ಸಾಕು. ಮಿಥುನ ಲಗ್ನ ಎಂಬಲ್ಲಿನ ಲಗ್ನಕ್ಕೆ ಮದುವೆಯೆಂಬ ಅರ್ಥವಿಲ್ಲ. ಆ ಹೊತ್ತಿಗೆ ಮೂಡಣದಲ್ಲಿ ಉದಯಿಸುತ್ತಿರುವ ರಾಶಿ ಅದು. ಅತಿಥಿಗೆ ಬೇಕಾದದ್ದು, ಮಾಂಗಲ್ಯಧಾರಣೆ ಬೆಳಿಗ್ಗೆ 9.15ರಿಂದ 10.15ರ ನಡುವೆ ನಡೆಯುತ್ತದೆ, 9 ಗಂಟೆಯೊಳಗೆ ಬಂದು ಕುಳಿತಿರಬೇಕು ಎಂಬ ಮಾತು. ನೇರಪ್ರಸಾರವನ್ನು ನೋಡುವವರಿಗೆ ಅವರವರ ಊರಿನ ವೇಳೆಯನ್ನೂ ವಾರವನ್ನೂ ಕೊಡಬೇಕು: ಇಲ್ಲಿ ಬುಧವಾರ ಬೆಳಿಗ್ಗೆ 9.15 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಮಂಗಳವಾರ ರಾತ್ರಿ 8.45, ಲಂಡನ್ನಿನಲ್ಲಿ ಬುಧವಾರ ಬೆಳಗಿನ ಜಾವ 4.45.

ಮುಹೂರ್ತವು ಸೂರ್ಯೋದಯಕ್ಕೆ ಮುಂಚೆ ಇದ್ದರೆ ಇನ್ನೂ ಒಂದು ಅಪಾಯವಿದೆ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯದವರೆಗೆ ನಡೆಯುವುದರಿಂದ, ‘ಬುಧವಾರ ರಾತ್ರಿ 4 ಗಂಟೆಗೆ’ ಎಂದು ಪುರೋಹಿತರು ಬರೆದುಕೊಟ್ಟದ್ದು ಕ್ಯಾಲೆಂಡರಿನ ಲೆಕ್ಕದಲ್ಲಿ ಗುರುವಾರದ ಬೆಳಗಿನ ಜಾವ. ಅವರನ್ನೇ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಇಂಗ್ಲಿಷ್ ತಾರೀಕನ್ನು ಬರೆಯಬೇಕು.

ಆರತಕ್ಷತೆಯನ್ನು ರಿಸೆಪ್ಷನ್ ಎನ್ನಲು ಅಡ್ಡಿಯಿಲ್ಲ. ಆದರೆ ಬೆಂಗಳೂರು, ಮೈಸೂರು ಸೀಮೆಯಲ್ಲಿ ಅದು ಅನೇಕ ವೇಳೆ ಮದುವೆಯ ಹಿಂದಿನ ಸಂಜೆಯೇ ನಡೆಯುತ್ತದೆ. ಹೊರದೇಶದವರು ಮಾತ್ರ ರಿಸೆಪ್ಷನ್ ಎಂದರೆ ಮದುವೆಯಾದ ಮೇಲಿನದೆಂದು ತಿಳಿದು, ಬುಧವಾರ ಬೆಳಿಗ್ಗೆ ಇಳಿಯುವ ವಿಮಾನಕ್ಕೆ ಟಿಕೆಟ್ ಮಾಡಿಸಿಬಿಡುತ್ತಾರೆ. ಹಾಗಾಗಿ ಕಾರ್ಯಕ್ರಮಗಳನ್ನು ನಡೆಯುವ ಕ್ರಮದಲ್ಲೇ ಬರೆದು, ‘ಮದುವೆಯ ಹಿಂದಿನ ಸಂಜೆ’ ಎಂಬ ಮಾತನ್ನು ಸೇರಿಸಿರಿ. ನಾಂದಿ, ವರಪೂಜೆ, ಧಾರೆ, ಸಪ್ತಪದಿ ಇವುಗಳ ಹೆಸರುಗಳನ್ನು ಹಾಗೆಯೇ ಇಟ್ಟು, ಅತಿಥಿ ಏನಾದರೂ ಮಾಡಬೇಕಾದ ಕಡೆ ಮಾತ್ರ ವಿವರಿಸಿದರೆ ಸಾಕು. ಉದಾಹರಣೆಗೆ, ಅಕ್ಷತೆ ಎಂದರೆ ಅರಿಶಿನ ಬೆರೆಸಿದ ಅಕ್ಕಿಕಾಳು, ಅದನ್ನು ಕೈಗೆ ಕೊಡುತ್ತಾರೆ, ಗಟ್ಟಿಮೇಳ ಮೊಳಗಿ ತಾಳಿ ಕಟ್ಟುವಾಗ ವಧೂವರರ ಮೇಲೆ ಹಾಕಬೇಕು.

‘ಸಕುಟುಂಬ ಪರಿವಾರ ಸಮೇತ’ ಎಂಬ ಕರೆ ನಮ್ಮಲ್ಲಿ ಮನೆಮಂದಿಗೆಲ್ಲ ಸಲ್ಲುತ್ತದೆ. ಹೊರದೇಶದ ಅತಿಥಿ ಲಕೋಟೆಯ ಮೇಲೆ ಯಾರ ಹೆಸರಿದೆಯೋ ಅವರಿಗಷ್ಟೇ ಕರೆಯೆಂದು ಎಣಿಸುವುದುಂಟು, ಆದ್ದರಿಂದ ಗಂಡ, ಹೆಂಡತಿ, ಮಕ್ಕಳನ್ನು ಹೆಸರಿಸಿಯೇ ಕರೆಯಿರಿ. ಎಷ್ಟು ಜನ, ಯಾವ ದಿನ ಬರುತ್ತೀರಿ ಎಂದು ತಿಳಿಸಲು ಒಂದು ತಾರೀಕನ್ನೂ ಕೊಡಿರಿ. ಅಚ್ಚಿಗೆ ಕೊಡುವ ಮೊದಲು ಕನ್ನಡ ಬಾರದ ಒಬ್ಬರಿಗೆ ಕರಡನ್ನು ಓದಲು ಕೊಟ್ಟು, ವಧುವಿನ ತಂದೆ ಯಾರು, ತಾಳಿ ಕಟ್ಟುವುದು ಯಾವ ದಿನ ಎಷ್ಟು ಹೊತ್ತಿಗೆ, ಆರತಕ್ಷತೆ ಅದಕ್ಕೆ ಮೊದಲೋ ಆಮೇಲೋ ಎಂದು ಕೇಳಿರಿ. ಅವರು ತಡವರಿಸಿದ ಸಾಲನ್ನು ತಿದ್ದಿ ಬರೆಯಿರಿ.