ಮಂಕು ಮುಂಜಾವಿಗೆ ಬಿಸಿಲುಕೋಲು ಹಾಕುವುದು

ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ‘ಶುಭೋದಯ’ದ ಚಿತ್ರಗಳನ್ನು ಒಮ್ಮೆ ದಿಟ್ಟಿಸಿ ನೋಡಿ. ಎಡ ಮೂಲೆಯಲ್ಲಿ ಸೂರ್ಯ, ಅಲ್ಲಿಂದ ಹೊರಟ ಹೊಂಬಣ್ಣದ ಕಿರಣಗಳು, ನಡುವೆ ಒಂದು ಸುಭಾಷಿತ. ಮರಗಳ ನೆರಳು ಮಾತ್ರ ಸೂರ್ಯನಿರುವ ಕಡೆಗೇ ಬಿದ್ದಿರುತ್ತದೆ! ಇನ್ನು ಕೆಲವು ಚಿತ್ರಗಳಲ್ಲಿ ನೆರಳೇ ಇಲ್ಲ. ಮೋಡ ಕವಿದ ದಿನ ತೆಗೆದ ಫೋಟೋಗೆ ಯಾರೋ ಬಿಸಿಲು ಬಳಿದಿದ್ದಾರೆ. ಫೋಟೋಗೆ ಬಿಸಿಲು ಸೇರಿಸುವುದರಲ್ಲಿ ನನ್ನ ತಕರಾರಿಲ್ಲ. ಸೇರಿಸುವವರು ಬಿಸಿಲನ್ನು ಬಣ್ಣ ಅಂದುಕೊಂಡಿರುತ್ತಾರಲ್ಲ, ತಕರಾರು ಅಲ್ಲಿ.

ಬೆಳಕು ತಾನಾಗಿ ಕಾಣುವ ವಸ್ತುವಲ್ಲ. ನಮ್ಮ ಕಣ್ಣಮುಂದೆ ಅಡ್ಡಹಾಯುವ ಬೆಳಕು ನಮ್ಮ ಕಣ್ಣಿಗೆ ಬೀಳುವುದಿಲ್ಲ. ದಾರಿಯಲ್ಲಿ ಮಂಜಿನ ಹನಿಯೋ ಹೊಗೆಯ ಕಣವೋ ಸಿಕ್ಕಿ, ಅದು ಬೆಳಕನ್ನು ನಮ್ಮ ಕಡೆ ಚದುರಿಸಿದಾಗಷ್ಟೇ ದಾರಿ ಗೋಚರಿಸುತ್ತದೆ. ಆದರೆ ತೋಪಿನ ತುಂಬ ಮಂಜಿದ್ದು ಎಲ್ಲ ಹನಿಗಳಿಗೂ ಸಮನಾಗಿ ಬಿಸಿಲು ಬಿದ್ದರೆ ಕಾಣುವುದು ಬರೀ ಬೆಳ್ಳನೆಯ ಮಬ್ಬು. ಕೊಂಬೆ, ಎಲೆಗಳು ಅಲ್ಲಲ್ಲಿ ಬಿಸಿಲನ್ನು ತಡೆದು ಮಂಜಿನೊಳಗೆ ನೆರಳಿನ ಕೊಳವೆಗಳನ್ನು ಕೊರೆಯಬೇಕು. ಆ ನೆರಳುಗಳ ನಡುವೆ ಉಳಿದದ್ದೇ ಬಿಸಿಲುಕೋಲು. ಅಂದರೆ ನಾವು ಕಿರಣ ಎಂದು ಮೆಚ್ಚುವ ದೃಶ್ಯದಲ್ಲಿ ಅರ್ಧ ಕೆಲಸ ಕತ್ತಲೆಯದು. ಎಡಿಟ್ ಮಾಡುವವರು ಬೆಳಕನ್ನು ಸುರಿಯುತ್ತಲೇ ಹೋಗಿ ಕತ್ತಲೆಯನ್ನು ಮರೆಯುತ್ತಾರೆ. ಹಾಗಾಗಿಯೇ ಅವರ ಕಿರಣಗಳು ಗಾಜಿನ ಮೇಲೆ ಅಂಟಿಸಿದ ಕಾಗದದ ಪಟ್ಟಿಗಳ ಹಾಗಿರುತ್ತವೆ.

ಮಂಜಿನ ಹನಿ ಸುಮಾರು ಹತ್ತು ಮೈಕ್ರಾನ್ ಅಗಲ, ಬೆಳಕಿನ ಅಲೆಯುದ್ದದ ಇಪ್ಪತ್ತು ಪಟ್ಟು. ಇಷ್ಟು ದೊಡ್ಡ ಹನಿ ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಎರಚುವುದಿಲ್ಲ. ಹೆಚ್ಚಿನ ಪಾಲನ್ನು ಬಂದ ದಿಕ್ಕಿನಲ್ಲೇ ಮುಂದಕ್ಕೆ ತಳ್ಳುತ್ತದೆ. ಅದಕ್ಕೇ ಸೂರ್ಯನ ಕಡೆ ಮುಖ ಮಾಡಿದಾಗ ಬಿಸಿಲುಕೋಲು ಝಗ್ಗೆನ್ನುತ್ತದೆ, ಬೆನ್ನು ತಿರುಗಿಸಿದರೆ ಹೆಚ್ಚುಕಡಿಮೆ ಮಾಯ. ಕ್ಯಾಮೆರಾದ ಹಿಂದಿನಿಂದ ಬಿಸಿಲು ಬಿದ್ದ ಫೋಟೋಗೆ ಕಿರಣ ಹಾಕಲು ಹೊರಟವರು ಇಲ್ಲಿಗೇ ನಿಲ್ಲಿಸಬಹುದು.

ಕಿರಣಗಳು ಒಂದು ಬಿಂದುವಿನಿಂದ ಹರಡಿದಂತೆ ಕಾಣುತ್ತವೆ, ಆದ್ದರಿಂದ ಸೂರ್ಯ ಮೋಡದ ಹಿಂದೆಯೇ ಎಲ್ಲೋ ಹತ್ತಿರದಲ್ಲಿದ್ದಾನೆ ಎಂದು ವಾದಿಸುವ ಭೂಮಿ ಚಪ್ಪಟೆ ಎನ್ನುವ ಪಂಗಡದವರೂ ಇದ್ದಾರೆ. ಅಡಿಕೆ ತೋಟದ ಸಾಲುಗಳು ದೂರದಲ್ಲಿ ಒಂದಕ್ಕೊಂದು ಕೂಡಿದಂತೆ ಕಂಡರೆ ಅಲ್ಲಿ ಮರಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆಂದು ಯಾರೂ ಹೇಳುವುದಿಲ್ಲವಲ್ಲ. ಹದಿನೈದು ಕೋಟಿ ಕಿಲೋಮೀಟರಿನಿಂದ ಬರುವ ಕಿರಣಗಳು ಸಮಾನಾಂತರ; ಕೂಡಿದಂತೆ ಕಾಣುವುದು ನೋಟದ ಗುಣ. ಎಡಿಟ್ ಮಾಡುವವರಿಗೆ ಇದರಿಂದ ಸಿಗುವುದು ಒಂದು ಕಟ್ಟುನಿಟ್ಟಿನ ನಿಯಮ: ಚಿತ್ರದ ಪ್ರತಿ ಕಿರಣವನ್ನೂ ಹಿಂದಕ್ಕೆ ಎಳೆದರೆ ಅದು ಸೂರ್ಯನ ಜಾಗಕ್ಕೇ ಮುಟ್ಟಬೇಕು, ಸೂರ್ಯ ಚೌಕಟ್ಟಿನ ಹೊರಗಿದ್ದರೂ ಸರಿ.

ಈಗ ಒಂದು ಚಿತ್ರ ಹಿಡಿಯೋಣ. ಮೂಡಿಗೆರೆ ಕಡೆಯ ಕಾಫಿ ತೋಟ, ಸಿಲ್ವರ್ ಓಕ್ ಮರಗಳ ಸಾಲು, ಬೆಳಗಿನ ಮಂಜು. 6000 × 4000 ಪಿಕ್ಸೆಲ್, 36 ಮಿ.ಮೀ. ಅಗಲದ ಸೆನ್ಸರಿರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್. ಎಲ್ಲವೂ ಬೂದು, ಸಪ್ಪೆ.

ಮೊದಲು ತಿಳಿಯಬೇಕಾದದ್ದು ಇದು ಯಾವ ಬಗೆಯ ಸಪ್ಪೆ ಎಂದು. ಮೋಡದಿಂದ ಸಪ್ಪೆಯಾದ ಚಿತ್ರದಲ್ಲಿ ಬೆಳಕು ಇಡೀ ಆಕಾಶದಿಂದ ಬರುತ್ತದೆ; ಮರದ ನಮ್ಮ ಕಡೆಯ ಮೈಗೂ ಸಾಕಷ್ಟು ಬೆಳಕಿರುತ್ತದೆ. ಅದರಲ್ಲಿ ಸೂರ್ಯನನ್ನು ಕೂರಿಸಿದರೆ ಆ ಬೆಳಗಿದ ಕಾಂಡವೇ ಸಾಕ್ಷಿ ಹೇಳುತ್ತದೆ. ಮಂಜಿನಿಂದ ಸಪ್ಪೆಯಾದ ಚಿತ್ರ ಬೇರೆ. ಅಲ್ಲಿ ಸೂರ್ಯ ಇದ್ದಾನೆ, ಮಬ್ಬಿನ ತೆರೆ ಕಪ್ಪುಗಳನ್ನು ಎತ್ತಿ ಚಿತ್ರವನ್ನು ಮಂಕಾಗಿಸಿದೆ ಅಷ್ಟೆ. ಗುರುತಿಸುವುದು ಸುಲಭ. ಚಿತ್ರದ ಒಂದು ನಕಲು ಮಾಡಿ, ಅದಕ್ಕೆ ಇನ್ನೂರು ಪಿಕ್ಸೆಲಿನಷ್ಟು ಗಾಸಿಯನ್ ಬ್ಲರ್ ಕೊಡಿ. ಮರ, ಎಲೆ ಎಲ್ಲ ಕರಗಿ ಬೆಳಕಿನ ಏರಿಳಿತ ಮಾತ್ರ ಉಳಿಯುತ್ತದೆ. ಒಂದು ಕಡೆ ಸ್ಪಷ್ಟವಾಗಿ ಬೆಳಕು ಗುಡ್ಡೆಯಾಗಿದ್ದರೆ ಸೂರ್ಯ ಅದರ ಹಿಂದಿದ್ದಾನೆ. ನಮ್ಮ ಚಿತ್ರದಲ್ಲಿ ಅದು ಎಡದಿಂದ 4200, ಮೇಲಿನಿಂದ 900ನೇ ಪಿಕ್ಸೆಲಿನ ಸುತ್ತ ಸಿಕ್ಕಿತೆಂದುಕೊಳ್ಳಿ.

ಅಲ್ಲಿ ಎಷ್ಟು ದೊಡ್ಡ ಸೂರ್ಯ? ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. 24 ಮಿ.ಮೀ. ಲೆನ್ಸಿನಲ್ಲಿ ಈ ಬಿಂಬ ಸೆನ್ಸರಿನ ಮೇಲೆ ಕಾಲು ಮಿಲಿಮೀಟರೂ ಇರದು. ಪಿಕ್ಸೆಲಿನಲ್ಲಿ ಹೇಳುವುದಾದರೆ ಸುಮಾರು 37. ಆರು ಸಾವಿರ ಪಿಕ್ಸೆಲ್ ಅಗಲದ ಚಿತ್ರದಲ್ಲಿ ಮೂವತ್ತೇಳು! ಶುಭೋದಯದ ಚಿತ್ರಗಳಲ್ಲಿ ಸೂರ್ಯ ದೋಸೆಯಷ್ಟಗಲ ಇರುತ್ತಾನೆ. ಸುತ್ತಲ ಪ್ರಭೆ ಎಷ್ಟು ಬೇಕಾದರೂ ಹರಡಲಿ, ಬಿಂಬ ಚಿಕ್ಕದೇ.

ಮುಂದಿನ ಕೆಲಸಕ್ಕೆ ಉಚಿತ ತಂತ್ರಾಂಶ ಜಿಂಪ್ ಸಾಕು. ಚಿತ್ರದ ಪದರವನ್ನು ನಕಲು ಮಾಡಿ `Colors > Threshold` ಬಳಸಿ, ಎಲೆಗಳ ಸಂದಿನಿಂದ ಕಾಣುವ ಆಕಾಶದ ತುಣುಕುಗಳು ಮಾತ್ರ ಬಿಳಿಯಾಗಿ ಉಳಿದು ಮಿಕ್ಕದ್ದೆಲ್ಲ ಕಪ್ಪಾಗುವಂತೆ ಮಾಡಬೇಕು. ತೋಟದ ಮನೆಯ ಸುಣ್ಣದ ಗೋಡೆ, ನೀರಿನ ಹೊಳಪು ಇಂಥವೂ ಬಿಳಿಯಾಗಿ ಉಳಿದುಬಿಡುತ್ತವೆ. ಅವುಗಳನ್ನು ಕಪ್ಪು ಕುಂಚದಿಂದ ಅಳಿಸಿ, ಇಲ್ಲವಾದರೆ ಗೋಡೆಯಿಂದಲೂ ಕಿರಣ ಹೊರಡುತ್ತದೆ. ಆಮೇಲೆ `Filters > Blur > Zoom Motion Blur`. ಇದರಲ್ಲಿ ಕೇಂದ್ರವನ್ನು ಚಿತ್ರದ ಅಗಲ-ಎತ್ತರದ ಭಾಗವಾಗಿ ಹೇಳಬೇಕು: 4200ನ್ನು 6000ದಿಂದ ಭಾಗಿಸಿದರೆ 0.7, 900ನ್ನು 4000ದಿಂದ ಭಾಗಿಸಿದರೆ 0.225. `Blurring factor` 0.4ರ ಸುತ್ತ ಇಟ್ಟು ನೋಡಿ.

ಇಲ್ಲಿ ನಡೆಯುವುದು ಬಲು ಚೆಂದ. ಪ್ರತಿ ಪಿಕ್ಸೆಲ್ ಸೂರ್ಯನ ದಿಕ್ಕಿನಲ್ಲಿ ಒಂದಷ್ಟು ದೂರ ಇಣುಕಿ, ದಾರಿಯಲ್ಲಿ ಎಷ್ಟು ಬಿಳಿ ಎಷ್ಟು ಕಪ್ಪು ಇದೆಯೆಂದು ನೋಡಿ ಸರಾಸರಿ ತೆಗೆದುಕೊಳ್ಳುತ್ತದೆ. ಸಂದಿಯ ನೇರದಲ್ಲಿದ್ದರೆ ಬೆಳಕು, ಕಾಂಡದ ಮರೆಯಲ್ಲಿದ್ದರೆ ಕತ್ತಲೆ. ಮಂಜಿನಲ್ಲಿ ನೆರಳು ಮಾಡುವ ಕೆಲಸವನ್ನೇ ಚಪ್ಪಟೆ ಚಿತ್ರದ ಮೇಲೆ ಲೆಕ್ಕ ಹಾಕಿದಂತೆ. ಕಂಪ್ಯೂಟರ್ ಆಟಗಳಲ್ಲಿ ಕಾಡಿನೊಳಗೆ ಓಡುವಾಗ ಕಾಣುವ ಬಿಸಿಲಿನ ಹಿಂದೆಯೂ ಎಷ್ಟೋ ಕಡೆ ಇದೇ ಉಪಾಯವಿದೆ. ಗ್ರಾಫಿಕ್ಸ್ ತಜ್ಞ ಕೆನ್ನಿ ಮಿಚೆಲ್ 2007ರಲ್ಲಿ ಇದನ್ನು ಸೂತ್ರಬದ್ಧವಾಗಿ ಬರೆದಿಟ್ಟರು. ಮಿತಿಯೂ ಇದೆ. ಚಿತ್ರದಲ್ಲಿ ಇಲ್ಲದ್ದು ಇದಕ್ಕೆ ತಿಳಿಯದು. ಚೌಕಟ್ಟಿನ ಮೇಲೆ ಚಾಚಿದ ಕೊಂಬೆಯ ನೆರಳು ಇದರಿಂದ ಬರುವುದಿಲ್ಲ.

ಬಂದ ಗೆರೆಗಳು ಮೊದಲಿಗೆ ಸೂಜಿಯಂತೆ ಚೂಪಾಗಿರುತ್ತವೆ. ಹಾಗೇ ಬಿಡಬೇಡಿ. ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ನೆರಳಿನ ಅಂಚು ದೂರ ಹೋದಂತೆ ಮಸುಕಾಗುತ್ತದೆ. ಸಂದಿಯಿಂದ ಹತ್ತು ಮೀಟರ್ ಆಚೆಗೆ ಆ ಮಸುಕಿನ ಅಗಲ ಸುಮಾರು ಒಂಬತ್ತು ಸೆಂಟಿಮೀಟರ್. ಬೆರಳಗಲದ ಸಂದಿಯಿಂದ ಬಂದ ಕಿರಣ ಅಷ್ಟರಲ್ಲಿ ಪಕ್ಕದ ಕಿರಣದ ಜೊತೆ ಬೆರೆತುಹೋಗಿರುತ್ತದೆ. ಉಳಿಯುವುದು ದೊಡ್ಡ ಸಂದಿಗಳ ಕೋಲುಗಳು ಮಾತ್ರ. ಒಂದು ಸಣ್ಣ ಗಾಸಿಯನ್ ಬ್ಲರ್ ಈ ಕೆಲಸ ಮಾಡಿಕೊಡುತ್ತದೆ.

ಈ ಪದರವನ್ನು `Screen` ವಿಧಾನದಲ್ಲಿ ಕೆಳಗಿನ ಚಿತ್ರದ ಮೇಲೆ ಕೂರಿಸುವುದು ರೂಢಿ. ಸೂತ್ರ ಚಿಕ್ಕದು:

```
ಫಲ = 1 − (1 − a)(1 − b)
```

a ಚಿತ್ರ, b ಕಿರಣ. ಕಿರಣದ ಹೊಳಪು 0.5 ಎಂದಿಟ್ಟುಕೊಳ್ಳಿ. ಕಪ್ಪು ಕಾಂಡದ ಹೊಳಪು 0.1 ಇದ್ದದ್ದು 0.55ಕ್ಕೆ ಹಾರುತ್ತದೆ, ಬಿಳಿ ಆಕಾಶದ 0.9 ಬರೀ 0.95 ಆಗುತ್ತದೆ. ಕಿರಣ ಕತ್ತಲೆಯ ಮುಂದೆ ಎದ್ದು ಕಾಣುವುದು, ಆಕಾಶದ ಮುಂದೆ ಕರಗುವುದು, ತೋಟದಲ್ಲಿ ನಡೆಯುವಂತೆಯೇ. ಆದರೆ ತೀರ ಹತ್ತಿರದ ಕಾಂಡ ಹೀಗೆ 0.55ಕ್ಕೆ ಏರಿದರೆ ತಪ್ಪು. ನಮಗೂ ಅದಕ್ಕೂ ನಡುವೆ ಇರುವ ಮಂಜು ಎರಡು ಮೂರು ಮೀಟರಿನಷ್ಟು, ಅಷ್ಟರಲ್ಲಿ ಚದುರುವ ಬೆಳಕೂ ಕಡಿಮೆ. ಪದರಕ್ಕೆ ಮಾಸ್ಕ್ ಹಾಕಿ ಹತ್ತಿರದ ಮರಗಳ ಮೇಲೆ ಕಿರಣವನ್ನು ಇಳಿಸಿ, ದೂರದ್ದರ ಮೇಲೆ ಬಿಡಿ. ಮೊದಲು ಹೇಳಿದ ಕತ್ತಲೆ ಸೇರುವುದೂ ಈಗಲೇ: `Curves`ನಲ್ಲಿ ಮೂಲ ಚಿತ್ರದ ಕಪ್ಪುಗಳನ್ನು, ಮುಖ್ಯವಾಗಿ ಕಾಂಡಗಳ ನಮ್ಮ ಕಡೆಯ ಮೈಯನ್ನು, ತುಸು ಕೆಳಗಿಳಿಸಬೇಕು. ಕಿರಣದ ಪದರವನ್ನು ಎಷ್ಟು ತಿದ್ದಿದರೂ ಸಿಗದ ಜೀವ ಇದರಿಂದ ಬರುತ್ತದೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟು ಹೆಚ್ಚು ಚದುರಿಸುತ್ತವೆ. ತಗ್ಗಿನ ಸೂರ್ಯನ ಬೆಳಕು ದಪ್ಪ ಗಾಳಿ ಹಾದು ಬರುವಾಗ ನೀಲಿ ಕಳೆದುಕೊಂಡು ಬೆಚ್ಚಗಾಗುತ್ತದೆ. ಆದರೆ ಹಾಗೆ ಚದುರಿದ ನೀಲಿ ಎಲ್ಲೂ ಹೋಗಿಲ್ಲ, ಆಕಾಶದಲ್ಲಿದೆ, ನೆರಳುಗಳಿಗೆ ಬೆಳಕು ಕೊಡುವುದು ಅದೇ. ಇಡೀ ಚಿತ್ರಕ್ಕೆ ಕಿತ್ತಳೆ ಬಳಿದರೆ ಮುಂಜಾವು ಹೋಗಿ ಕಾಮಾಲೆ ಬರುತ್ತದೆ. ಕಿರಣ ಮತ್ತು ಪ್ರಭೆಗೆ ಮಾತ್ರ ಕೆಂಪು, ಹಸಿರು, ನೀಲಿ ಕ್ರಮವಾಗಿ 255, 214, 160ರ ಆಸುಪಾಸಿನ ತೆಳು ಹೊನ್ನು ಕೊಡಿ, ನೆರಳನ್ನು ತಂಪಾಗಿಯೇ ಬಿಡಿ.

ಲೆನ್ಸ್ ಫ್ಲೇರ್‌ನ ಕಥೆ ಬೇರೆ. ಸೂರ್ಯನಿಗೆ ಮುಖ ಮಾಡಿದ ಫೋಟೋದಲ್ಲಿ ಕಾಣುವ ಆ ಬಣ್ಣದ ಬೊಟ್ಟುಗಳ ಸಾಲು ತೋಟದಲ್ಲಿ ಇಲ್ಲ, ಲೆನ್ಸಿನೊಳಗಿದೆ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ವಾಪಸು ಎಸೆಯುತ್ತದೆ. ಆರು ಬಿಡಿ ಗಾಜುಗಳ ಲೆನ್ಸಿನಲ್ಲಿ ಹನ್ನೆರಡು ಮೈಗಳು. ಅಷ್ಟನ್ನೂ ದಾಟುವ ಹೊತ್ತಿಗೆ ಉಳಿಯುವುದು ಶೇ. 61. ಕಳೆದದ್ದರಲ್ಲಿ ಒಂದು ಪಾಲು ಒಳಗೇ ಪುಟಿದು ಫೋಟೋ ಮೇಲೆ ಬಣ್ಣದ ಬೊಟ್ಟುಗಳಾಗಿ ಬೀಳುತ್ತದೆ. ಹಳೆಯದಾಗಿ ಮೈ ಮಾಸಿದ ಲೆನ್ಸುಗಳು ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುತ್ತವೆ ಎಂಬ ವಿಚಿತ್ರವನ್ನು 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಡೆನಿಸ್ ಟೇಲರ್ ಗಮನಿಸಿದರು; ಮಾಸಿದ ತೆಳು ಪೊರೆಯೇ ಪ್ರತಿಫಲನವನ್ನು ತಗ್ಗಿಸುತ್ತಿತ್ತು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಅಂಥ ಪೊರೆಯನ್ನು ನಿರ್ವಾತದಲ್ಲಿ ಬೇಕೆಂದೇ ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಷ್ಟೆಲ್ಲ ಪಾಡುಪಟ್ಟು ತೊಲಗಿಸಿದ್ದನ್ನು ನಾವೀಗ ಮೆನುವಿನಿಂದ ಆರಿಸಿ ಮತ್ತೆ ತರುತ್ತಿದ್ದೇವೆ.

ಈ ಬೊಟ್ಟುಗಳೇ ದೇವಸ್ಥಾನದ ಗೋಪುರದ ಫೋಟೋದಲ್ಲಿ ಬಿದ್ದರೆ ‘ದಿವ್ಯಜ್ಯೋತಿ’ಯಾಗಿ, ಆಕಾಶದಲ್ಲಿ ಬಿದ್ದರೆ ‘ಎರಡನೇ ಸೂರ್ಯ’ನಾಗಿ ಊರೆಲ್ಲ ಸುತ್ತುತ್ತವೆ. ಪರೀಕ್ಷೆಗೆ ಒಂದು ಅಳತೆಪಟ್ಟಿ ಸಾಕು. ಕತ್ತರಿಸದ ಫೋಟೋದಲ್ಲಿ ಬೊಟ್ಟುಗಳು ಯಾವಾಗಲೂ ಸೂರ್ಯನಿಂದ ಚಿತ್ರದ ನಟ್ಟನಡುವಿಗೆ ಎಳೆದ ಗೆರೆಯ ಮೇಲೆ ಸಾಲಾಗಿರುತ್ತವೆ. ನಮ್ಮ ಚಿತ್ರದ ನಡು 3000, 2000. ಸೂರ್ಯನಿಂದ ಹೊರಟ ಗೆರೆ ಅದನ್ನು ದಾಟಿ 1800, 3100ರ ಕಡೆ ಇಳಿಯುತ್ತದೆ. ಜ್ಯೋತಿ ಆ ಗೆರೆಯ ಮೇಲೆ ಕೂತಿದ್ದರೆ, ಕ್ಯಾಮೆರಾ ತಿರುಗಿಸಿದಾಗ ಅದೂ ಜಾಗ ಬಿಟ್ಟು ಕದಲಿದರೆ, ಅದು ಗಾಜಿನ ಕೂಸು.

ನಾವೇ ಫ್ಲೇರ್ ಹಾಕುವಾಗ ಕಪ್ಪು ತುಂಬಿದ ಬೇರೆ ಪದರದ ಮೇಲೆ `Filters > Light and Shadow > Lens Flare` ಹಾಕಿ ಅದನ್ನೂ `Screen`ಗೆ ಇಡಿ, ಬೇಕಾದಷ್ಟು ತಗ್ಗಿಸಬಹುದು. ಬೊಟ್ಟುಗಳನ್ನು ಮರದ ಹಿಂದೆ ಅಡಗಿಸಲು ಹೋಗಬೇಡಿ, ಲೆನ್ಸಿನೊಳಗಿನದಕ್ಕೆ ಮರ ಅಡ್ಡ ಬರಲಾರದು. ಸೂರ್ಯನೇ ಪೂರ್ತಿ ಕಾಂಡದ ಹಿಂದಿದ್ದರೆ ಮಾತ್ರ ಬೊಟ್ಟೇ ಬೇಡ. ಮೊಬೈಲ್ ಫೋಟೋಗೆ ಷಟ್ಕೋನದ ಬೊಟ್ಟು ಸಲ್ಲದು: ಆ ಆಕಾರ ಬರುವುದು ಲೆನ್ಸಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಮಿನ ಅಲಗುಗಳಿಂದ, ಸಾಮಾನ್ಯ ಮೊಬೈಲ್ ಕ್ಯಾಮೆರಾದಲ್ಲಿ ಅಲಗುಗಳೇ ಇಲ್ಲ. ಇನ್ನು ಚಿತ್ರವನ್ನು ಕತ್ತರಿಸುವುದಿದ್ದರೆ ಎಲ್ಲಕ್ಕಿಂತ ಕೊನೆಗೆ. ಎಡಗಡೆಯಿಂದ 1500 ಪಿಕ್ಸೆಲ್ ಮೊದಲೇ ಕತ್ತರಿಸಿದರೆ ಹೊಸ ಚಿತ್ರದ ನಡು ಮೂಲದ ನಡುವಿಗಿಂತ 750 ಪಿಕ್ಸೆಲ್ ಬಲಕ್ಕೆ ಸರಿಯುತ್ತದೆ, ತಂತ್ರಾಂಶ ಗೆರೆಯನ್ನು ಅಲ್ಲಿಂದ ಎಳೆಯುತ್ತದೆ, ಲೆನ್ಸಿನ ನಡು ಮಾತ್ರ ಹಳೆಯ ಜಾಗದಲ್ಲೇ ಇರುತ್ತದೆ.