ಪೋರ್ಟ್ರೇಟ್ ಫೋಟೋದ ಬ್ಲರ್ ಆಮೇಲೆ ಸರಿಮಾಡುವುದು ಹೇಗೆ?

ಪ್ರಶ್ನೆ: ಅಕ್ಕನ ಮದುವೆಯಲ್ಲಿ ಐಫೋನ್ ಎಕ್ಸ್‌ಎಸ್‌ನಲ್ಲಿ ಪೋರ್ಟ್ರೇಟ್ ಫೋಟೋ ತೆಗೆದೆ. ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ. ಹಿಂದೆಲ್ಲಾ ಬ್ಲರ್ ಆಗಿದೆ, ಆದರೆ ಕೈಗೂ ಸೊಂಟಕ್ಕೂ ನಡುವಿನ ಸಂದಿಯಲ್ಲಿ ಮಾತ್ರ ಪ್ಲಾಸ್ಟಿಕ್ ಕುರ್ಚಿ ಸ್ಪಷ್ಟವಾಗಿ ಕಾಣುತ್ತಿದೆ. ಎಡಿಟ್‌ನಲ್ಲಿ ಬ್ಲರ್ ಸ್ಲೈಡರನ್ನು f/1.4ಗೆ ತಂದರೂ ಹೋಗಲಿಲ್ಲ. ಒಳ್ಳೆ ಲೆನ್ಸ್ ಇರುವ ಫೋನ್ ಬೇಕಾ ಸರ್?

ಬೇಡ. ದುಡ್ಡು ಹಾಗೇ ಇರಲಿ. ಕುರ್ಚಿಯನ್ನು ಅಳಿಸುವುದು ಹೇಗೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಆ f/1.4 ವಿಷಯ. ನಿಜವಾದ ಕ್ಯಾಮೆರಾದಲ್ಲಿ ಅದು ಲೆನ್ಸಿನ ತೂತಿನ ಅಳತೆ: ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು, ಹಿನ್ನೆಲೆ ಹೆಚ್ಚು ಬ್ಲರ್. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಆ ಸ್ಲೈಡರ್ ಎಳೆದಾಗ ಲೆನ್ಸ್ ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ. ಫೋಟೋ ತೆಗೆದು ತಿಂಗಳಾಗಿದೆ, ಲೆನ್ಸ್ ಈಗ ಏನು ಮಾಡಲು ಸಾಧ್ಯ? ಎಕ್ಸ್‌ಎಸ್‌ನಲ್ಲಿ ಪೋರ್ಟ್ರೇಟ್ ತೆಗೆಯುವ ಟೆಲಿ ಲೆನ್ಸಿನ ಫೋಕಲ್ ಲೆಂಗ್ತ್ 6 ಮಿಲಿಮೀಟರ್, ಅದರ ತೆರಪು f/2.4. ಆರನ್ನು 2.4ರಿಂದ ಭಾಗಿಸಿದರೆ ತೂತಿನ ಅಗಲ ಸಿಗುತ್ತದೆ: ಎರಡೂವರೆ ಮಿಲಿಮೀಟರ್. ನಿಜವಾದ f/1.4 ಬೇಕೆಂದರೆ ಆ ತೂತು ನಾಲ್ಕು ಮಿಲಿಮೀಟರಿಗಿಂತ ದೊಡ್ಡದಾಗಬೇಕು. ಅದು ಹಿಗ್ಗಲು ಒಳಗೆ ಯಾವ ಯಂತ್ರವೂ ಇಲ್ಲ.

ಲೆಕ್ಕ ಬೇಡ ಅನ್ನುವವರು ಕಣ್ಣಿನಲ್ಲೇ ನೋಡಿ. ನಿಜವಾದ ಕ್ಯಾಮೆರಾದಲ್ಲಿ ಬೇರೇನೂ ಮುಟ್ಟದೆ f/1.4ನಿಂದ f/16ಗೆ ಹೋದರೆ ಬೆಳಕು ಸುಮಾರು 130 ಪಟ್ಟು ಕಡಿಮೆಯಾಗುತ್ತದೆ, ಫೋಟೋ ಹೆಚ್ಚುಕಡಿಮೆ ಕಪ್ಪಾಗುತ್ತದೆ. ನಿಮ್ಮ ಫೋನಿನಲ್ಲಿ ಸ್ಲೈಡರನ್ನು ಈ ತುದಿಯಿಂದ ಆ ತುದಿಗೆ ಎಳೆಯಿರಿ. ಅಕ್ಕನ ಸೀರೆ ಒಂದಿಷ್ಟಾದರೂ ಮಂಕಾಯಿತಾ? ಇಲ್ಲ, ಅಲ್ವಾ? ಇನ್ನೊಂದು: ಮುಖವೇ ಫೋಕಸ್ ತಪ್ಪಿದ್ದರೆ f/16 ಇಟ್ಟರೂ ಅದು ಸ್ಪಷ್ಟವಾಗುವುದಿಲ್ಲ.

"ಕೆಲವು ಫೋನಿನಲ್ಲಿ ನಿಜವಾಗಿಯೂ ಬದಲಾಗುತ್ತದಲ್ಲ" ಅಂತ ಯಾರಾದರೂ ಕೇಳುತ್ತಾರೆ, ಗೊತ್ತು. ಹೌದು, 2018ರ ಸ್ಯಾಮ್‌ಸಂಗ್ ಎಸ್9ರಲ್ಲಿ f/1.5 ಮತ್ತು f/2.4 ಎರಡೂ ಇದ್ದವು. ಅದೂ ಕ್ಲಿಕ್ ಮಾಡುವ ಮೊದಲು ಮಾತ್ರ.

ಹಾಗಾದರೆ ಬದಲಾಗುವುದು ಏನು? ಫೈಲಿನೊಳಗೆ ಎಲ್ಲವೂ ಸ್ಪಷ್ಟವಾಗಿರುವ ಮೂಲ ಚಿತ್ರ ಇದೆ. ಅದರ ಜೊತೆಗೆ ಒಂದು ಸಣ್ಣ ಕಪ್ಪು-ಬಿಳುಪು ಚಿತ್ರ, ಅದೇ ಡೆಪ್ತ್ ಮ್ಯಾಪ್. ಯಾವ ಜಾಗ ಎಷ್ಟು ದೂರ ಅನ್ನುವುದು ಅದರಲ್ಲಿ ಬೂದು ಬಣ್ಣದ ಛಾಯೆಯಾಗಿ ದಾಖಲಾಗಿರುತ್ತದೆ. ಸ್ಲೈಡರ್ ಹೇಳುವುದು "ದೂರದ್ದನ್ನು ಇಷ್ಟು ಮಸುಕು ಮಾಡು" ಅಂತ ಅಷ್ಟೇ. ಎರಡು ಕ್ಯಾಮೆರಾದ ಐಫೋನ್‌ಗಳಲ್ಲಿ ಫೋಟೋ 4032×3024 ಇದ್ದರೆ ಮ್ಯಾಪ್ ಬರೀ 768×576. ಅಂದರೆ ಫೋಟೋದ ಸುಮಾರು 27 ಚುಕ್ಕೆಗೆ ಮ್ಯಾಪಿನ ಒಂದೇ ಚುಕ್ಕೆ. ಹಾರುವ ಕೂದಲು, ಕನ್ನಡಕದ ಅಂಚು, ಕೈಯ ಸಂದಿ ಇವೆಲ್ಲ ಕೆಡುವುದು ಇಲ್ಲೇ. ನಿಮ್ಮ ಮ್ಯಾಪ್ ಆ ಸಂದಿಯನ್ನೂ ಅಕ್ಕನ ಮೈ ಅಂದುಕೊಂಡಿದೆ. ಹಾಗಾಗಿ ಬ್ಲರ್ ಎಷ್ಟು ಜಾಸ್ತಿ ಮಾಡಿದರೂ ಕುರ್ಚಿ ಕದಲುವುದಿಲ್ಲ. ತಿದ್ದಬೇಕಾದ್ದು ಮ್ಯಾಪನ್ನು.

ಫೋಟೋ ತಿದ್ದುವ ಲೈಟ್‌ರೂಮ್ ಆ್ಯಪ್‌ನಲ್ಲಿ ಮೂಲ ಫೈಲ್ ತೆರೆಯಿರಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದದ್ದು ಬೇಡ, ಅದರಲ್ಲಿ ಮ್ಯಾಪ್ ಉಳಿದಿರುವುದಿಲ್ಲ. Lens Blur ಆನ್ ಮಾಡಿ, ಆಮೇಲೆ Visualize Depth ಒತ್ತಿ. ದೂರ-ಹತ್ತಿರ ಬಣ್ಣದಲ್ಲಿ ಕಾಣುತ್ತದೆ. ಸಂದಿಯೂ ಮೈಯೂ ಒಂದೇ ಬಣ್ಣದಲ್ಲಿದ್ದರೆ ಕಳ್ಳ ಸಿಕ್ಕಿದ. Blur ಬ್ರಷ್ ತೆಗೆದುಕೊಂಡು, ಗಾತ್ರವನ್ನು ಸಂದಿಗಿಂತ ಚಿಕ್ಕದು ಮಾಡಿ, ಝೂಮ್ ಮಾಡಿ ಮಧ್ಯದಿಂದ ಅಂಚಿಗೆ ಬಳಿಯಿರಿ. ಕೈಯ ಮೇಲೆ ಹರಿದರೆ Focus ಬ್ರಷ್‌ನಿಂದ ವಾಪಸ್ ತನ್ನಿ. ಅಂಚನ್ನು ತೀರಾ ಗಟ್ಟಿಯಾಗಿ ಕೊರೆಯಬೇಡಿ, ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಒಂಟಿ ಕೂದಲೆಳೆಗಳ ಹಿಂದೆ ಬೀಳಬೇಡಿ. ಒಟ್ಟು ಬ್ಲರನ್ನೇ ಸ್ವಲ್ಪ ಇಳಿಸಿದರೆ ಅವುಗಳ ತಪ್ಪು ಎದ್ದು ಕಾಣುವುದಿಲ್ಲ.

ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಎಲ್ಲಾ ಸರಿಮಾಡಿದ ಮೇಲೂ ರಾತ್ರಿ ಛತ್ರದಲ್ಲಿ ತೆಗೆದ ಫೋಟೋ ಯಾಕೋ ಸ್ಟಿಕ್ಕರ್ ಥರ ಕಾಣುತ್ತದೆ. ಕಡಿಮೆ ಬೆಳಕಿನಲ್ಲಿ ಮುಖದ ಮೇಲೆ ತರಿತರಿ ನಾಯ್ಸ್ ಇರುತ್ತದೆ. ಬ್ಲರ್ ಮಾಡಿದ ಜಾಗದಲ್ಲಿ ಆ ತರಿಯೂ ಕರಗಿಹೋಗುತ್ತದೆ. ಒಂದೇ ಫೋಟೋದಲ್ಲಿ ಎರಡು ಥರದ ಮೈ. ನಿಜವಾದ ಲೆನ್ಸಿನ ಬ್ಲರ್‌ನಲ್ಲಿ ಹೀಗಾಗುವುದಿಲ್ಲ, ಯಾಕೆಂದರೆ ನಾಯ್ಸ್ ಹುಟ್ಟುವುದು ಲೆನ್ಸ್ ದಾಟಿದ ಮೇಲೆ, ಸೆನ್ಸರಿನಲ್ಲಿ. ಮುಖದ ನಾಯ್ಸ್ ಸ್ವಲ್ಪ ಇಳಿಸಿ, ಆಮೇಲೆ ಎರಡೂ ಕಡೆ ಒಂದೇ ತರಿ ಬರಲು ಇಡೀ ಫೋಟೋಗೆ Grain ಹತ್ತು-ಹದಿನೈದರಷ್ಟು ಹಾಕಿ ನೋಡಿ.